ತಿಂಗಳ ನಡುವೆ ಪ್ಲಾನ್ ಅಪ್‌ಗ್ರೇಡ್: ಆ ಹೆಚ್ಚುವರಿ 318 ರೂಪಾಯಿ 60 ಪೈಸೆ ಎಲ್ಲಿಂದ ಬಂತು?

ಜೀವನ್ ಬಿಮಾ ನಗರದ ಬಾಡಿಗೆ ಮನೆಯಲ್ಲಿ ನಾವು ಮೂವರು ಇದ್ದೆವು. ಒಂದೇ ಬ್ರಾಡ್‌ಬ್ಯಾಂಡ್ ಕನೆಕ್ಷನ್, ತಿಂಗಳಿಗೆ 600 ರೂಪಾಯಿ, ಜಿಎಸ್‌ಟಿ ಸೇರಿ 708. ಮೂವರಿಗೂ ವರ್ಕ್ ಫ್ರಮ್ ಹೋಮ್ ಶುರುವಾದ ಮೇಲೆ ಸಂಜೆ ಹೊತ್ತು ನೆಟ್ ಎಳೆಯಲಾಗದೆ ಏದುಸಿರು ಬಿಡ್ತಿತ್ತು. ಹಾಗಾಗಿ ಜೂನ್ 17ರಂದು ಆ್ಯಪ್‌ನಲ್ಲೇ 1,050 ರೂಪಾಯಿಯ ಪ್ಲಾನ್‌ಗೆ ಅಪ್‌ಗ್ರೇಡ್ ಮಾಡಿದೆ. ಕೆಲವೇ ನಿಮಿಷದಲ್ಲಿ ಸ್ಪೀಡ್ ಏರಿತು. ಆವತ್ತು ಒಂದು ರೂಪಾಯಿಯನ್ನೂ ಕೇಳಲಿಲ್ಲ.

ಜುಲೈ 5ಕ್ಕೆ ಬಿಲ್ ಬಂತು: 1,557 ರೂಪಾಯಿ 60 ಪೈಸೆ.

ಹೊಸ ಪ್ಲಾನ್ 1,050, ಅದಕ್ಕೆ 18% ಜಿಎಸ್‌ಟಿ ಸೇರಿಸಿದರೆ 1,239 ಆಗಬೇಕು ಅನ್ನೋದು ನನ್ನ ಲೆಕ್ಕವಾಗಿತ್ತು. ಅದಕ್ಕಿಂತ 318 ರೂಪಾಯಿ 60 ಪೈಸೆ ಜಾಸ್ತಿ. ಬಿಲ್‌ನಲ್ಲಿ ಅದಕ್ಕೆ ಕೊಟ್ಟಿದ್ದ ವಿವರಣೆ ಒಂದೇ ಸಾಲು: ಹೊಂದಾಣಿಕೆ ಶುಲ್ಕ, 270 ರೂಪಾಯಿ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ, "ಸರ್, ಅದು ಪ್ರೊರೇಟಾ ಸರ್, ಸಿಸ್ಟಮ್ ಜನರೇಟೆಡ್" ಅಂದರು. ಇದರ ಮೇಲೆ ಇನ್ನೊಂದು ತಾಪತ್ರಯ. ನಮ್ಮ ಮೂವರಲ್ಲೊಬ್ಬ ಜುಲೈ 4ಕ್ಕೆ ಮನೆ ಖಾಲಿ ಮಾಡಿ ಹಾಸನಕ್ಕೆ ಹೋಗಿದ್ದ. ಬಿಲ್‌ನ ಫೋಟೋ ಗ್ರೂಪ್‌ಗೆ ಹಾಕಿದ ಕೂಡಲೇ ಅವನ ಉತ್ತರ ಬಂತು: "ನಾನು ಹೋದ್ಮೇಲೆ ಬಂದ ಬಿಲ್ ನಾನ್ಯಾಕೆ ಕೊಡ್ಬೇಕು ಮಗಾ?"

ನ್ಯಾಯವಾದ ಪ್ರಶ್ನೆ. ಉತ್ತರ ಹೇಳಬೇಕಾದರೆ ಆ 270 ಎಲ್ಲಿಂದ ಬಂತು ಅಂತ ನನಗೇ ಮೊದಲು ಗೊತ್ತಾಗಬೇಕಿತ್ತು. ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದ ಪುಣ್ಯಕ್ಕೆ ಕಾಗದ, ಪೆನ್ನು ಹಿಡಿದು ಕೂತೆ. ಬಿಲ್ ತಪ್ಪಿಲ್ಲ, ತಪ್ಪಿದ್ದು ನನ್ನ ಲೆಕ್ಕ ಅಂತ ಕೊನೆಗೆ ಗೊತ್ತಾಯಿತು. ಆದರೆ ಅದನ್ನು ಪತ್ತೆ ಹಚ್ಚೋಕೆ ಒಂದು ರಾತ್ರಿ ಹಿಡಿಯಬಾರದಿತ್ತು. ಅದಕ್ಕೇ ಈ ಬರಹ.

ಮೂಲ ಲೆಕ್ಕ: ವಾಪಸ್ ಎಷ್ಟು, ಹೊಸದು ಎಷ್ಟು

ಪ್ರೊ ರೇಟಾ ಅನ್ನೋದು ಲ್ಯಾಟಿನ್ ಮಾತು, ಅರ್ಥ 'ಪ್ರಮಾಣಕ್ಕೆ ತಕ್ಕಂತೆ'. ತಿಂಗಳ ನಡುವೆ ಮನೆಗೆ ಬಂದ ಬಾಡಿಗೆದಾರನ ಹತ್ತಿರ ಓನರ್ ಉಳಿದ ದಿನಗಳ ಬಾಡಿಗೆ ಮಾತ್ರ ತಗೊಳ್ತಾರಲ್ಲ, ಅದೇ ಪ್ರೊರೇಷನ್. ಪ್ಲಾನ್ ಬದಲಾವಣೆಯಲ್ಲಿ ಆ ಲೆಕ್ಕ ಎರಡು ಸಲ ನಡೆಯುತ್ತೆ. ಹಳೆ ಮನೆಯಿಂದ ಉಳಿದ ದಿನಗಳ ಬಾಡಿಗೆ ವಾಪಸ್ ಬರುತ್ತೆ, ಹೊಸ ಮನೆಗೆ ಅಷ್ಟೇ ದಿನಗಳ ಬಾಡಿಗೆ ಕಟ್ಟಬೇಕಾಗುತ್ತೆ.

ಹೀಗೆ ವಾಪಸ್ ಬರೋದು ಯಾಕೆ ಅಂದರೆ, ಇಂಥ ಪ್ಲಾನ್‌ಗಳಲ್ಲಿ ಬಾಡಿಗೆಯನ್ನು ಸೈಕಲ್ ಶುರುವಾಗುವಾಗಲೇ ಮುಂಗಡವಾಗಿ ಕಟ್ಟಿರ್ತೀವಿ. ನಮ್ಮ ಸೈಕಲ್ ಜೂನ್ 5ರಿಂದ ಜುಲೈ 4ರವರೆಗೆ, ಒಟ್ಟು 30 ದಿನ. ಜೂನ್ 5ಕ್ಕೇ ಇಡೀ 30 ದಿನದ 600 ರೂಪಾಯಿ ಹೋಗಿತ್ತು. 17ನೇ ತಾರೀಖು ಪ್ಲಾನ್ ಬದಲಿಸಿದಾಗ 5ರಿಂದ 16ರವರೆಗಿನ 12 ದಿನ ಹಳೆ ಪ್ಲಾನ್ ಬಳಸಿಯಾಗಿತ್ತು. 17ರಿಂದ ಜುಲೈ 4ರವರೆಗಿನ 18 ದಿನ ಬಾಕಿ ಇತ್ತು. ಆ 18 ದಿನಕ್ಕೆ ಕೊಟ್ಟ ಹಳೆ ಪ್ಲಾನ್‌ನ ದುಡ್ಡು ಇನ್ನೂ ನಮ್ಮದೇ.

```
ಕ್ರೆಡಿಟ್   = ಹಳೆ ಬಾಡಿಗೆ × ಉಳಿದ ದಿನ ÷ ಸೈಕಲ್‌ನ ದಿನ
          = 600 × 18 ÷ 30  = 360

ಹೊಸ ಶುಲ್ಕ = ಹೊಸ ಬಾಡಿಗೆ × ಉಳಿದ ದಿನ ÷ ಸೈಕಲ್‌ನ ದಿನ
          = 1050 × 18 ÷ 30 = 630

ವ್ಯತ್ಯಾಸ   = 630 − 360 = 270
```

ಇಷ್ಟೇ. ಹಳೆ ಪ್ಲಾನ್ ದಿನಕ್ಕೆ 20 ರೂಪಾಯಿ, ಹೊಸದು ದಿನಕ್ಕೆ 35. ದಿನಕ್ಕೆ 15 ರೂಪಾಯಿ ಜಾಸ್ತಿ, ಹದಿನೆಂಟು ದಿನಕ್ಕೆ 270. ಬಿಲ್‌ನಲ್ಲಿದ್ದ 'ಹೊಂದಾಣಿಕೆ' ಇದೇ.

ಹಾಗಾದರೆ ಜುಲೈ 5ರ ಬಿಲ್ ಅಷ್ಟು ಉಬ್ಬಿದ್ದು ಯಾಕೆ? ಆ ಒಂದು ಬಿಲ್‌ನಲ್ಲಿ ಎರಡು ಕಾಲದ ಲೆಕ್ಕ ಸೇರಿಕೊಂಡಿತ್ತು. ಒಂದು, ಕಳೆದ ಸೈಕಲ್‌ನ 18 ದಿನಕ್ಕೆ ಹಿಂದಿನಿಂದ ಕಟ್ಟಬೇಕಾದ 270. ಇನ್ನೊಂದು, ಜುಲೈ 5ರಿಂದ ಆಗಸ್ಟ್ 4ರವರೆಗಿನ ಹೊಸ ಸೈಕಲ್‌ಗೆ ಮುಂಗಡವಾಗಿ ಕಟ್ಟುವ 1,050. ಎರಡೂ ಸೇರಿ 1,320, ಅದಕ್ಕೆ 18% ಜಿಎಸ್‌ಟಿ 237.60, ಒಟ್ಟು 1,557.60. ಮುಂದಿನ ತಿಂಗಳ ಬಿಲ್ ತಾನಾಗೇ 1,239ಕ್ಕೆ ಇಳಿಯುತ್ತೆ. ಅಪ್‌ಗ್ರೇಡ್ ಆದ ನಂತರದ ಮೊದಲ ಬಿಲ್ ನೋಡಿ 'ಎರಡು ತಿಂಗಳ ದುಡ್ಡು ಹಾಕಿದ್ದಾರೆ' ಅಂತ ಎಷ್ಟೋ ಜನರಿಗೆ ಅನ್ನಿಸೋದು ಇದೇ ಕಾರಣಕ್ಕೆ. ಎರಡನೇ ಬಿಲ್ ಕೂಡ ಇಳಿಯದಿದ್ದರೆ ಮಾತ್ರ ಅನುಮಾನ ಪಡಬೇಕು.

ಹಾಸನದ ಗೆಳೆಯನ ಪ್ರಶ್ನೆಗೂ ಇಲ್ಲೇ ಉತ್ತರ ಸಿಕ್ಕಿತು. 1,050 ಅವನು ಹೋದ ಮೇಲಿನದು, ಅದಕ್ಕೂ ಅವನಿಗೂ ಸಂಬಂಧವಿಲ್ಲ. ಆದರೆ 270 ಮತ್ತು ಅದರ ಮೇಲಿನ ತೆರಿಗೆ 48.60, ಒಟ್ಟು 318.60, ಅವನು ಮನೆಯಲ್ಲಿದ್ದ ಹದಿನೆಂಟು ದಿನದ್ದು. ಮೂರರಲ್ಲೊಂದು ಪಾಲು 106 ರೂಪಾಯಿ 20 ಪೈಸೆ. ಬಿಲ್ ಬಂದ ತಾರೀಖು ನೋಡಿ ಪಾಲು ಮಾಡಬಾರದು, ಸೇವೆ ಯಾವ ದಿನಗಳದ್ದು ಅಂತ ನೋಡಿ ಮಾಡಬೇಕು. ಪಿಜಿ, ಶೇರಿಂಗ್ ಮನೆಗಳಲ್ಲಿ ನಡೆಯುವ ಅರ್ಧಕ್ಕರ್ಧ ಜಗಳ ಇದರಲ್ಲೇ ಮುಗಿಯುತ್ತೆ.

ಬದಲಾಯಿಸಿದ ದಿನ ಯಾರ ಪಾಲು?

ಸೂತ್ರ ಸುಲಭ. ತಪ್ಪಾಗೋದು ದಿನ ಎಣಿಸುವಾಗ.

ಜೂನ್ 17ರಂದೇ ನೋಡಿ. ಬೆಳಿಗ್ಗೆ ಹಳೆ ಪ್ಲಾನ್, ಸಂಜೆ ಹೊಸ ಪ್ಲಾನ್. ಆ ದಿನವನ್ನು ಯಾವುದರ ಖಾತೆಗೆ ಹಾಕೋದು? ನಮ್ಮ ಬಿಲ್‌ನಲ್ಲಿ ಅದನ್ನು ಹೊಸ ಪ್ಲಾನ್‌ಗೆ ಹಾಕಿದ್ದರು, ಹಳೆಯದಕ್ಕೆ ಹಾಕಿರಲಿಲ್ಲ. ಹನ್ನೆರಡು ಮತ್ತು ಹದಿನೆಂಟು ಸೇರಿ ಮೂವತ್ತು, ಸೈಕಲ್‌ನ ದಿನಗಳೂ ಮೂವತ್ತು. ಸರಿ ಹೋಯ್ತು. ಅದನ್ನು ಹಳೆ ಪ್ಲಾನ್‌ಗೆ ಹಾಕಿ ಹೊಸದನ್ನು 18ರಿಂದ ಎಣಿಸಿದ್ದರೂ ಲೆಕ್ಕ ಸರಿಯೇ.

ತಪ್ಪಾಗೋದು ಆ ದಿನವನ್ನು ಎರಡೂ ಕಡೆ ಹಾಕಿದಾಗ. ಹಳೆ ಪ್ಲಾನ್ 17ರವರೆಗೆ ನಡೆಯಿತು ಅಂತ 13 ದಿನ, ಹೊಸ ಪ್ಲಾನ್ 17ರಿಂದ ಶುರುವಾಯಿತು ಅಂತ 18 ದಿನ. ಒಟ್ಟು 31. ಆಗ ಕ್ರೆಡಿಟ್ 18ರ ಬದಲು 17 ದಿನಕ್ಕೆ ಮಾತ್ರ ಸಿಗುತ್ತೆ, 340 ರೂಪಾಯಿ. ವ್ಯತ್ಯಾಸ 270 ಇದ್ದಿದ್ದು 290 ಆಗುತ್ತೆ. ಒಬ್ಬರಿಗೆ ಇಪ್ಪತ್ತು ರೂಪಾಯಿ ಏನೂ ಅಲ್ಲ ಅನ್ನಿಸಬಹುದು. ಆದರೆ ಸಾಫ್ಟ್‌ವೇರ್‌ನಲ್ಲಿ ಕೂತ ತಪ್ಪು ಒಬ್ಬರಿಗೇ ನಿಲ್ಲಲ್ಲ, ಆ ತಿಂಗಳು ಪ್ಲಾನ್ ಬದಲಿಸಿದ ಎಲ್ಲರಿಗೂ ಆಗುತ್ತೆ. ಹಾಗಾಗಿ ಮೊದಲ ಪರೀಕ್ಷೆ ಇದು: ಬಿಲ್‌ನಲ್ಲಿ ಎರಡು ಪ್ಲಾನ್‌ಗಳ ದಿನಗಳನ್ನು ಕೂಡಿಸಿ. ಮೊತ್ತ ಸೈಕಲ್‌ನ ದಿನಗಳಿಗೆ ಸಮ ಇರಲೇಬೇಕು.

ಎರಡನೇ ಪರೀಕ್ಷೆ, ಯಾವ ಸಂಖ್ಯೆಯಿಂದ ಭಾಗಿಸಿದ್ದಾರೆ ಅನ್ನೋದು. ನಮ್ಮ ಮುಂದಿನ ಸೈಕಲ್, ಜುಲೈ 5ರಿಂದ ಆಗಸ್ಟ್ 4ರವರೆಗೆ, 31 ದಿನದ್ದು. ಅಲ್ಲೂ 'ತಿಂಗಳೆಂದರೆ 30' ಅಂತ ಭಾಗಿಸಿದರೆ ದಿನದ ದರ 35 ರೂಪಾಯಿ ಬರುತ್ತೆ, 31 ದಿನಕ್ಕೆ 1,085 ಆಗುತ್ತೆ. 1,050ರ ಪ್ಲಾನ್‌ಗೆ 1,085 ಹೇಗೆ ಸಾಧ್ಯ? ದಿನದ ದರವನ್ನು ಸೈಕಲ್‌ನ ದಿನಗಳಿಂದ ಗುಣಿಸಿದರೆ ಪ್ಲಾನ್‌ನ ಬೆಲೆ ವಾಪಸ್ ಬರಬೇಕು. ಬರದಿದ್ದರೆ ಭಾಗಾಕಾರದ ಸಂಖ್ಯೆ ತಪ್ಪಿದೆ ಅಂತ ಅರ್ಥ.

ಆ್ಯಪ್, ಸಾಫ್ಟ್‌ವೇರ್ ಸಬ್‌ಸ್ಕ್ರಿಪ್ಷನ್‌ಗಳಲ್ಲಿ ಈ ದಿನದ ತಕರಾರು ಬೇರೆ ರೂಪದಲ್ಲಿ ಕಾಣುತ್ತೆ. ಉದಾಹರಣೆಗೆ ಸ್ಟ್ರೈಪ್ ಎಂಬ ಪೇಮೆಂಟ್ ವ್ಯವಸ್ಥೆ ಪ್ರೊರೇಷನ್ ಅನ್ನು ದಿನಗಳಲ್ಲಿ ಎಣಿಸಲ್ಲ, ಸೆಕೆಂಡುಗಳಲ್ಲಿ ಎಣಿಸುತ್ತೆ. ನೀವು ಸಂಜೆ ಆರಕ್ಕೆ ಬದಲಿಸಿದರೆ ಬೆಳಿಗ್ಗೆ ಹತ್ತಕ್ಕೆ ಬದಲಿಸಿದ್ದಕ್ಕಿಂತ ಕೆಲವು ರೂಪಾಯಿ ಕಡಿಮೆ ಬರುತ್ತೆ. ಹಾಗಾಗಿ ಅಂಥ ಬಿಲ್ ನಿಮ್ಮ ದಿನದ ಲೆಕ್ಕಕ್ಕೆ ಪೈಸೆ ಪೈಸೆ ತಾಳೆಯಾಗಲ್ಲ. ವ್ಯತ್ಯಾಸ ಒಂದು ದಿನದ ದರದೊಳಗೆ ಇದ್ದರೆ ಅದು ಗಡಿಯಾರದ ವ್ಯತ್ಯಾಸ ಅಷ್ಟೇ. ಅದಕ್ಕಿಂತ ದೊಡ್ಡದಿದ್ದರೆ ಕೇಳಬೇಕು.

ಕ್ರೆಡಿಟ್‌ಗೂ ತೆರಿಗೆ ಸೇರಬೇಕು

ನಾವು ಜೂನ್ 5ಕ್ಕೆ ಕಟ್ಟಿದ್ದು 600 ಅಲ್ಲ, 708. ಅಂದರೆ ಬಳಸದೆ ಉಳಿದ 18 ದಿನದ 360 ರೂಪಾಯಿ ಜೊತೆಗೆ ಅದರ ಮೇಲಿನ ತೆರಿಗೆ 64 ರೂಪಾಯಿ 80 ಪೈಸೆಯನ್ನೂ ಕಟ್ಟಿದ್ದೀವಿ. ವಾಪಸ್ ಬರುವಾಗ ಅದೂ ಬರಬೇಕು.

ಸರಿಯಾದ ಬಿಲ್‌ನಲ್ಲಿ ಮೊದಲು 630ರಲ್ಲಿ 360 ಕಳೆದು, ಉಳಿದ 270ಕ್ಕೆ ಮಾತ್ರ 18% ಹಾಕ್ತಾರೆ. ಬರೋದು 318.60. ತಪ್ಪು ಬಿಲ್‌ನಲ್ಲಿ ಮೊದಲು 630ಕ್ಕೆ ತೆರಿಗೆ ಹಾಕಿ 743.40 ಮಾಡ್ತಾರೆ, ಆಮೇಲೆ 360 ಕಳೀತಾರೆ. ಉಳಿಯೋದು 383.40. ನಡುವಿನ ವ್ಯತ್ಯಾಸ ಸರಿಯಾಗಿ 64.80, ಅಂದರೆ ನೀವು ಈಗಾಗಲೇ ಕಟ್ಟಿದ ತೆರಿಗೆಯನ್ನು ಅದೇ ಹದಿನೆಂಟು ದಿನಕ್ಕೆ ಮತ್ತೆ ಕಟ್ಟಿದ ಹಾಗಾಯಿತು. ತೆರಿಗೆ ವಾಪಸ್ ಕೊಡೋಕೆ ಆಗಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬಿಲ್ ಮಾಡಿದ ಮೊತ್ತ ಆಮೇಲೆ ಕಡಿಮೆಯಾದರೆ ಕ್ರೆಡಿಟ್ ನೋಟ್ ಕೊಡಲು ಸಿಜಿಎಸ್‌ಟಿ ಕಾಯ್ದೆಯ 34ನೇ ಸೆಕ್ಷನ್‌ನಲ್ಲಿ ಅವಕಾಶ ಇದೆ.

ಇದರ ಜೊತೆಗೆ ಇನ್ನೊಂದು ವಿಷಯ: ಕ್ರೆಡಿಟ್ ಲೆಕ್ಕ ಆಗಬೇಕಾದ್ದು ನೀವು ನಿಜವಾಗಿ ಕಟ್ಟಿದ ದುಡ್ಡಿನ ಮೇಲೆ. ಆರು ತಿಂಗಳ ಪ್ಯಾಕ್ 3,600ರದ್ದು ರಿಯಾಯಿತಿಯಲ್ಲಿ 3,000ಕ್ಕೆ ಸಿಕ್ಕಿದ್ದರೆ ನಿಮ್ಮ ತಿಂಗಳ ಲೆಕ್ಕ 500, 600 ಅಲ್ಲ. ಕ್ರೆಡಿಟ್ 600ರ ಲೆಕ್ಕದಲ್ಲಿ ಬರುತ್ತೆ ಅಂತ ನಿರೀಕ್ಷಿಸಿದರೆ ನಿರಾಸೆಯಾಗುತ್ತೆ. ಅದೇ ರೀತಿ, ಹಳೆ ಬಿಲ್ ಕಟ್ಟದೆ ಬಾಕಿ ಉಳಿಸಿಕೊಂಡು ಅಪ್‌ಗ್ರೇಡ್ ಮಾಡಿದರೂ ಕೆಲವು ಸಾಫ್ಟ್‌ವೇರ್‌ಗಳು ಕಟ್ಟಿದ್ದಾರೆ ಅಂತಲೇ ಭಾವಿಸಿ ಕ್ರೆಡಿಟ್ ತೋರಿಸ್ತವೆ. ಆಗ ಬಿಲ್‌ನಲ್ಲಿ ಮೈನಸ್ ಮೊತ್ತ ಕಂಡರೂ ಹಳೆ ಬಾಕಿ ಹಾಗೇ ಇರುತ್ತೆ.

ಎಲ್ಲರೂ ಹೀಗೇ ಲೆಕ್ಕ ಹಾಕಲ್ಲ

ಪ್ರೊರೇಷನ್ ಪ್ರಕೃತಿ ನಿಯಮ ಅಲ್ಲ, ಕಂಪನಿ ಆರಿಸಿಕೊಳ್ಳುವ ಒಂದು ವಿಧಾನ. ಜೀವನ್ ಬಿಮಾ ನಗರಕ್ಕೆ ಹೆಸರು ಬಂದಿದ್ದೇ ಎಲ್‌ಐಸಿಯಿಂದ, ಹಾಗಾಗಿ ವಿಮೆಯ ಉದಾಹರಣೆಯನ್ನೇ ಕೊಡ್ತೀನಿ. ವಾಹನ ವಿಮೆಯಂಥ ಪಾಲಿಸಿಯನ್ನು ಅವಧಿಯ ನಡುವೆ ರದ್ದು ಮಾಡಿದರೆ ಎರಡು ರೀತಿಯ ಲೆಕ್ಕ ಚಾಲ್ತಿಯಲ್ಲಿದ್ದವು. ಒಂದು ಪ್ರೊ ರೇಟಾ, ಉಳಿದ ದಿನಕ್ಕೆ ತಕ್ಕಷ್ಟು ವಾಪಸ್. ಇನ್ನೊಂದು ಶಾರ್ಟ್ ಪೀರಿಯಡ್ ಸ್ಕೇಲ್. ಇದರಲ್ಲಿ ಕಂಪನಿ ಬಳಸಿದ ದಿನಗಳ ಪ್ರಮಾಣಕ್ಕಿಂತ ಜಾಸ್ತಿ ಇಟ್ಟುಕೊಂಡು ಉಳಿದಿದ್ದನ್ನು ಕೊಡುತ್ತಿತ್ತು. ಎರಡೂ ನಿಯಮಬದ್ಧವೇ. ಆದರೆ ಗ್ರಾಹಕನ ಕೈಗೆ ಬರುವ ದುಡ್ಡು ಬೇರೆ ಬೇರೆ.

ಸಬ್‌ಸ್ಕ್ರಿಪ್ಷನ್‌ಗಳಲ್ಲೂ ಹೀಗೇ. ಗೂಗಲ್ ಪ್ಲೇನಲ್ಲಿ ಆ್ಯಪ್ ಮಾಡುವವರಿಗೆ, ಗ್ರಾಹಕ ಪ್ಲಾನ್ ಬದಲಿಸಿದಾಗ ಏನಾಗಬೇಕು ಅಂತ ಆರಿಸುವ ಆಯ್ಕೆಗಳಿವೆ. ನಮ್ಮ ಬ್ರಾಡ್‌ಬ್ಯಾಂಡ್‌ನ ಅಂಕಿಗಳನ್ನೇ (ತೆರಿಗೆ ಬಿಟ್ಟು) ಅದಕ್ಕೆ ಹಾಕಿ ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತೆ.

`CHARGE_PRORATED_PRICE` ಅಂದರೆ ನಾವು ಮೇಲೆ ಮಾಡಿದ ಲೆಕ್ಕ. ಬಿಲ್ ತಾರೀಖು ಬದಲಾಗಲ್ಲ, ವ್ಯತ್ಯಾಸದ 270 ಆಗಲೇ ಕಟ್ಟಬೇಕು.

`WITH_TIME_PRORATION` ಅಂದರೆ ದುಡ್ಡಿನ ಬದಲು ದಿನ ಹೊಂದಿಸೋದು. ಹಳೆ ಪ್ಲಾನ್‌ನಲ್ಲಿ ಉಳಿದ 360 ರೂಪಾಯಿಗೆ ಹೊಸ ಪ್ಲಾನ್ ದಿನಕ್ಕೆ 35ರಂತೆ ಹತ್ತು ದಿನ ಚಿಲ್ಲರೆ ಬರುತ್ತೆ. ಆವತ್ತು ಏನೂ ಕಟ್ಟಬೇಕಿಲ್ಲ. ಆದರೆ ಮುಂದಿನ ಬಿಲ್ ಜುಲೈ 5ರ ಬದಲು ಜೂನ್ 27ಕ್ಕೇ ಬರುತ್ತೆ. 'ಅಪ್‌ಗ್ರೇಡ್ ಮಾಡಿದ ಹತ್ತೇ ದಿನಕ್ಕೆ ಮತ್ತೆ ದುಡ್ಡು ಕಟ್ ಆಯ್ತು' ಅನ್ನುವ ದೂರಿನ ಹಿಂದೆ ಇದೇ ಇರಬಹುದು. ಅಲ್ಲಿ ಮೋಸ ಇಲ್ಲ, ನಿಮ್ಮ ಕ್ರೆಡಿಟ್ ದಿನಗಳಾಗಿ ಖರ್ಚಾಗಿದೆ.

`WITHOUT_PRORATION` ಗ್ರಾಹಕರಿಗೆ ಲಾಭದ್ದು. ಹೊಸ ಪ್ಲಾನ್ ಈಗಲೇ ಸಿಗುತ್ತೆ, ಹೊಸ ಬೆಲೆ ಮುಂದಿನ ನವೀಕರಣದಿಂದ. ಹದಿನೆಂಟು ದಿನ ಬಿಟ್ಟಿ. `DEFERRED` ಅಂದರೆ ಪ್ಲಾನೂ ಬೆಲೆಯೂ ಎರಡೂ ಮುಂದಿನ ಸೈಕಲ್‌ನಿಂದಲೇ ಬದಲಾಗೋದು.

ಇವೆಲ್ಲದರಲ್ಲೂ ಹಳೆ ದುಡ್ಡು ಯಾವುದೋ ರೂಪದಲ್ಲಿ ನಿಮ್ಮ ಹತ್ತಿರವೇ ಉಳಿಯುತ್ತೆ. ನಷ್ಟ ಆಗೋದು ಕ್ರೆಡಿಟ್ಟೇ ಇಲ್ಲದೆ ಹೊಸ ಪ್ಲಾನ್‌ನ ಪೂರ್ತಿ ಬೆಲೆ ತಗೊಂಡು ಹೊಸ ಸೈಕಲ್ ಶುರು ಮಾಡುವ ಕಡೆ. ನಮ್ಮ ಉದಾಹರಣೆಯಲ್ಲಿ ಆಗ ಜೂನ್ 17ಕ್ಕೆ 1,050 ಕಟ್ಟಿ, ಹಳೆಯ 360 ಬಿಟ್ಟ ಹಾಗೆ.

ಇದರಿಂದ ಒಂದು ಸರಳ ತೀರ್ಮಾನ ಸಿಗುತ್ತೆ. ದಿನದ ಲೆಕ್ಕದಲ್ಲಿ ಪ್ರೊರೇಷನ್ ಇದ್ದರೆ ಸೈಕಲ್‌ನ ಯಾವ ದಿನ ಅಪ್‌ಗ್ರೇಡ್ ಮಾಡಿದರೂ ಲಾಭವೂ ಇಲ್ಲ, ನಷ್ಟವೂ ಇಲ್ಲ. ಬಳಸಿದ ದಿನಕ್ಕೆ ಬಳಸಿದ ಪ್ಲಾನ್‌ನ ದರ. ಬೇಕಾದಾಗ ಬದಲಿಸಿ. ಕ್ರೆಡಿಟ್ ಇಲ್ಲದಿದ್ದರೆ ಸೈಕಲ್‌ನ ಕೊನೆ ದಿನದವರೆಗೆ ಕಾಯಿರಿ. ಬಟನ್ ಒತ್ತುವ ಮೊದಲು ಕೇಳಬೇಕಾದ್ದು ಎರಡೇ ಪ್ರಶ್ನೆ: ಉಳಿದ ದಿನದ ದುಡ್ಡು ಏನಾಗುತ್ತೆ? ಬಿಲ್ ತಾರೀಖು ಬದಲಾಗುತ್ತಾ?

ಡೇಟಾ ಮಿತಿ ಇರುವ ಪ್ಲಾನ್ ಆದರೆ ಮೂರನೇ ಪ್ರಶ್ನೆಯೊಂದು ಸೇರಿಸಿಕೊಳ್ಳಿ. ಬೆಲೆಯ ಜೊತೆ ಮಿತಿಯನ್ನೂ ಪ್ರಮಾಣಕ್ಕೆ ತಕ್ಕಂತೆ ಇಳಿಸ್ತಾರಾ? ತಿಂಗಳಿಗೆ 1,500 ಜಿಬಿ ಅಂತ ಜಾಹೀರಾತಿನಲ್ಲಿದ್ದರೂ 18 ದಿನಕ್ಕೆ ಸಿಗೋದು 900 ಜಿಬಿ ಇರಬಹುದು. ಬೆಲೆ 630 ತಗೊಂಡಾಗ ಮಿತಿ 900 ಆಗೋದು ನ್ಯಾಯವೇ. ಆದರೆ ಗೊತ್ತಿಲ್ಲದೆ ಧಾರಾಳವಾಗಿ ಬಳಸಿದರೆ ಸೈಕಲ್ ಮುಗಿಯುವ ಮೊದಲೇ ಸ್ಪೀಡ್ ಬಿದ್ದುಹೋಗುತ್ತೆ.

ಆಟೋಪೇ ಕೈಕೊಟ್ಟ ಕಥೆ

ನಮ್ಮ ಬಿಲ್ ಸರಿಯಾಗಿತ್ತು ಅಂದೆನಲ್ಲ. ಆದರೂ ನಮಗೆ ಲೇಟ್ ಫೀ ಬಿತ್ತು. ಅದು ಹೇಗೆ ಅಂದರೆ, ಆಟೋಪೇ ಹಾಕುವಾಗ ನಾನು ಗರಿಷ್ಠ ಮಿತಿ 1,500 ರೂಪಾಯಿ ಅಂತ ಇಟ್ಟಿದ್ದೆ. ಹಳೆ ಬಿಲ್ 708, ಹೊಸದು 1,239. ಎರಡೂ ಆ ಮಿತಿಯೊಳಗೇ ಇದ್ದವು. ಪ್ರೊರೇಷನ್ ಸೇರಿದ ಆ ಒಂದೇ ಒಂದು ಬಿಲ್ 1,557.60 ಆಗಿ ಮಿತಿ ದಾಟಿತು. ಪೇಮೆಂಟ್ ಫೇಲ್ ಆಯಿತು. ಬಂದ ಮೆಸೇಜನ್ನು ನಾನು ಬ್ಯಾಂಕಿನ ಮಾಮೂಲಿ ಜಾಹೀರಾತು ಅಂದುಕೊಂಡು ಬಿಟ್ಟುಬಿಟ್ಟೆ.

ಆರ್‌ಬಿಐ ನಿಯಮದ ಪ್ರಕಾರ ಮೊತ್ತ ಬದಲಾಗುವ ಆಟೋಪೇಗೆ ಗ್ರಾಹಕರು ಒಂದು ಗರಿಷ್ಠ ಮಿತಿ ಇಡಬಹುದು. ದುಡ್ಡು ಕಡಿತವಾಗುವ ಕನಿಷ್ಠ 24 ಗಂಟೆ ಮೊದಲು ಸೂಚನೆ ಬರಬೇಕು. 2021ರ ಅಕ್ಟೋಬರ್ 1ರಿಂದ ಈ ವ್ಯವಸ್ಥೆ ಪೂರ್ತಿ ಜಾರಿಗೆ ಬಂತು. ಪ್ರತಿ ಸಲ ಒಟಿಪಿ ಇಲ್ಲದೆ ಕಡಿತವಾಗಬಹುದಾದ ಮೊತ್ತ ಆಗ 5,000 ಇತ್ತು, 2022ರ ಜೂನ್‌ನಲ್ಲಿ ಅದನ್ನು 15,000ಕ್ಕೆ ಏರಿಸಿದರು. ಗ್ರಾಹಕರ ರಕ್ಷಣೆಗೆ ಮಾಡಿದ ಒಳ್ಳೆಯ ನಿಯಮ. ನಾನೇ ಇಟ್ಟ ಮಿತಿ ನನ್ನ ದುಡ್ಡನ್ನು ಕಾಯ್ತು, ನಾನು ನೋಡಲಿಲ್ಲ ಅಷ್ಟೇ.

ಪಾಠ ಇಷ್ಟು: ಅಪ್‌ಗ್ರೇಡ್ ಮಾಡಿದ ದಿನವೇ ಆಟೋಪೇ ಮಿತಿ ನೋಡಿ. ಮುಂದಿನ ಒಂದು ಬಿಲ್ ಅತಿ ಹೆಚ್ಚೆಂದರೆ ಎಷ್ಟಾಗಬಹುದು ಅಂತ ತಿಳಿಯೋದು ಸುಲಭ. ಸೈಕಲ್‌ನ ಮೊದಲ ದಿನವೇ ಬದಲಿಸಿದರೂ ವ್ಯತ್ಯಾಸ ಎರಡು ಪ್ಲಾನ್‌ಗಳ ನಡುವಿನ ಅಂತರವನ್ನು ಮೀರಲ್ಲ. ನಮ್ಮದರಲ್ಲಿ ಅದು 450. ಅದಕ್ಕೆ 1,050 ಸೇರಿಸಿ ತೆರಿಗೆ ಹಾಕಿದರೆ 1,770. ಮಿತಿ ಅಷ್ಟಿದ್ದರೆ ಸಾಕಿತ್ತು.

ತಪ್ಪಿದ್ದರೆ ಯಾರನ್ನು ಕೇಳೋದು?

ಟೆಲಿಕಾಂ ಸೇವೆಗಳಲ್ಲಿ ಪ್ಲಾನ್ ಬದಲಿಸುವ ಹಕ್ಕು ಕಂಪನಿಯ ಔದಾರ್ಯ ಅಲ್ಲ. ಟ್ರಾಯ್‌ನ ಟೆಲಿಕಾಂ ಟ್ಯಾರಿಫ್ ಆರ್ಡರ್‌ಗೆ 2004ರಲ್ಲಿ ಬಂದ 30ನೇ ತಿದ್ದುಪಡಿ, ಗ್ರಾಹಕರು ಬೇರೆ ಪ್ಲಾನ್ ಕೇಳಿದರೆ ಅದನ್ನು ಕೂಡಲೇ ಅಥವಾ ಮುಂದಿನ ಬಿಲ್ ಸೈಕಲ್‌ನ ಆರಂಭದಿಂದ ಜಾರಿ ಮಾಡಬೇಕು ಅನ್ನುತ್ತೆ. ಆ 'ಅಥವಾ' ಗಮನಿಸಿ. ಯಾವಾಗ ಅನ್ನೋದನ್ನು ನಿಯಮ ಹೇಳಿತು, ನಡುವಿನ ದಿನಗಳ ಲೆಕ್ಕದ ಸೂತ್ರ ಆ ಸಾಲಿನಲ್ಲಿಲ್ಲ. ಆ ಸೂತ್ರ ಇರೋದು ಕಂಪನಿಯ ಷರತ್ತುಗಳಲ್ಲಿ, ನಾವು ಓದದೆ 'ಒಪ್ಪಿದ್ದೇನೆ' ಅಂತ ಒತ್ತುವ ಪುಟದಲ್ಲಿ.

ಹಾಗಾಗಿ ದೂರು ಕೊಡುವಾಗ 'ಜಾಸ್ತಿ ಬಿಲ್ ಬಂದಿದೆ' ಅಂತಷ್ಟೇ ಬರೆದರೆ 'ಸಿಸ್ಟಮ್ ಜನರೇಟೆಡ್' ಅನ್ನುವ ಉತ್ತರವೇ ಬರುತ್ತೆ. ಬದಲಿಗೆ ನಾಲ್ಕು ವಿವರ ಕೇಳಿ: ಹಳೆ ಪ್ಲಾನ್‌ಗೆ ಎಷ್ಟು ದಿನ ಹಾಕಿದ್ದೀರಿ, ಹೊಸದಕ್ಕೆ ಎಷ್ಟು, ಎಷ್ಟರಿಂದ ಭಾಗಿಸಿದ್ದೀರಿ, ಕ್ರೆಡಿಟ್ ಅನ್ನು ತೆರಿಗೆಗೆ ಮೊದಲು ಕಳೆದಿರಾ ಆಮೇಲೆ ಕಳೆದಿರಾ. ಈ ನಾಲ್ಕು ಅಂಕಿ ಸಿಕ್ಕರೆ ತಪ್ಪು ಎಲ್ಲಿದೆ ಅಂತ ತಾನಾಗೇ ಕಾಣುತ್ತೆ.

2012ರ ಟ್ರಾಯ್ ನಿಯಮಾವಳಿಯಂತೆ ಮೊದಲು ಕಂಪನಿಯ ದೂರು ಕೇಂದ್ರಕ್ಕೆ ಹೋಗಿ ಡಾಕೆಟ್ ನಂಬರ್ ಪಡೆಯಬೇಕು. ಅಲ್ಲಿ ಬಗೆಹರಿಯದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರ ಇದೆ. ಟ್ರಾಯ್ ನೇರವಾಗಿ ಒಬ್ಬೊಬ್ಬರ ದೂರನ್ನು ವಿಚಾರಣೆ ಮಾಡಲ್ಲ. ಗ್ರಾಹಕರ ಆಯೋಗದ ಬಾಗಿಲೂ ತೆರೆದಿದೆ. ಟೆಲಿಕಾಂ ದೂರುಗಳನ್ನು ಅಲ್ಲಿ ಕೇಳೋ ಹಾಗಿಲ್ಲ ಅಂತ ಕಂಪನಿಗಳು ವಾದಿಸುತ್ತಿದ್ದವು. ವೊಡಾಫೋನ್ ಐಡಿಯಾ ಪ್ರಕರಣದಲ್ಲಿ 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿತು. ಕೋರ್ಟು ಕಚೇರಿ ಅಂತ ಹೋಗುವ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಫೋನ್ ಮಾಡಬಹುದು.

ನಮ್ಮ ವಿಷಯದಲ್ಲಿ ಇದ್ಯಾವುದೂ ಬೇಕಾಗಲಿಲ್ಲ. ಲೇಟ್ ಫೀ ನಾವೇ ಕಟ್ಟಿದೆವು, ತಪ್ಪು ನನ್ನದು. ಆದರೆ '270, ಹೊಂದಾಣಿಕೆ' ಅನ್ನುವ ಒಂದು ಸಾಲಿನ ಬದಲು 'ಹಳೆ ಪ್ಲಾನ್, 18 ದಿನ, ಮೈನಸ್ 360' ಮತ್ತು 'ಹೊಸ ಪ್ಲಾನ್, 18 ದಿನ, 630' ಅಂತ ಎರಡು ಸಾಲು ಮುದ್ರಿಸೋಕೆ ಕಂಪನಿಗೆ ಏನೂ ಖರ್ಚಾಗ್ತಿರಲಿಲ್ಲ. ಆ ಎರಡು ಅಂಕಿ ಅವರ ಸಿಸ್ಟಮ್‌ನಲ್ಲಿ ಇದ್ದೇ ಇವೆ, ಇಲ್ಲದಿದ್ದರೆ 270 ಬರ್ತಿರಲಿಲ್ಲ. ಗ್ರಾಹಕ ತಾನೇ ತಾಳೆ ನೋಡಲಾಗದ ಬಿಲ್ ಸರಿಯಾಗಿದ್ದರೂ ಅರ್ಧ ಬಿಲ್ಲೇ. ಟ್ರಾಯ್ ಮುಂದೆ ಬೇಡಿಕೆ ಇಡೋದಾದರೆ ನಾನು ಇಡೋದು ಇದೊಂದನ್ನೇ: ಪ್ಲಾನ್ ಬದಲಾದ ತಿಂಗಳ ಬಿಲ್‌ನಲ್ಲಿ ಕ್ರೆಡಿಟ್ ಒಂದು ಸಾಲು, ಶುಲ್ಕ ಒಂದು ಸಾಲು, ಪಕ್ಕದಲ್ಲಿ ದಿನಗಳ ಸಂಖ್ಯೆ ಕಡ್ಡಾಯವಾಗಿ ಇರಲಿ.

ಲೆಕ್ಕದ ಹಾಳೆಯ ಫೋಟೋ ಗ್ರೂಪ್‌ಗೆ ಹಾಕಿದೆ. ಹಾಸನದಿಂದ ಐದು ನಿಮಿಷದಲ್ಲಿ ಯುಪಿಐ ಬಂತು, 106 ರೂಪಾಯಿ. "ಇಪ್ಪತ್ತು ಪೈಸೆ ನೀನು ನನಗೆ ಕೊಡಬೇಕಾದ ಕಾಫಿ ಬಾಕಿಯಲ್ಲಿ ಕಳ್ಕೊ ಮಗಾ" ಅಂತ ಕೆಳಗೆ ಬರೆದಿದ್ದ.